ಸಾಗರದ ಮದುವೆಗೆ ದಿಬ್ಬಣ: ಬಸ್ಸೋ, ರೈಲೋ, ಯಾರಿಗೆ ಯಾವುದು?

ನೀರ್ಚಾಲು,
20 ಫೆಬ್ರವರಿ 2026, ಶುಕ್ರವಾರ

ಪೂಜ್ಯ ಹಿರಿಯರಿಗೆ ಸಾಷ್ಟಾಂಗ ಪ್ರಣಾಮಗಳು, ಕಿರಿಯರಿಗೆ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಅಣ್ಣನ ಮಗನ ಮದುವೆ ಮೇ 3, ಭಾನುವಾರ, ಸಾಗರದಲ್ಲಿ ಎಂಬುದು ನಿಮಗೆಲ್ಲ ತಿಳಿದಿದೆ. ಕರೆಯೋಲೆ ಅಚ್ಚಾಗಿ ಬರಲು ಇನ್ನೂ ತಿಂಗಳಿದೆ. ಅದಕ್ಕೆ ಮೊದಲೇ ಈ ಕಾಗದ ಬರೆಯುತ್ತಿರುವುದಕ್ಕೆ ಕಾರಣ ಒಂದೇ. ರೈಲಿನ ಮುಂಗಡ ಟಿಕೆಟ್ ಈಗ ಪ್ರಯಾಣಕ್ಕೆ 60 ದಿನ ಇರುವಾಗ ಸಿಗಲು ತೊಡಗುತ್ತದೆ. ಮೊದಲಿನ ಹಾಗೆ ನಾಲ್ಕು ತಿಂಗಳಲ್ಲ. ನಮ್ಮ ಹಿರಿಯರು ಮೇ 2ರ ಶನಿವಾರ ಹೊರಡಬೇಕಾದರೆ ಮಾರ್ಚ್ 3, ಮಂಗಳವಾರ ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಆ ದಿನ ಸಂಜೆ ಚಂದ್ರಗ್ರಹಣ. ಟಿಕೆಟ್ ಬೆಳಿಗ್ಗೆಯೇ ಆಗುವ ಕೆಲಸವಾದ್ದರಿಂದ ಗ್ರಹಣದ ಕಾರಣ ಹೇಳಿ ಯಾರೂ ತಪ್ಪಿಸಿಕೊಳ್ಳಬೇಡಿ. ಈ ಸಲ ಮೇ 17ರಿಂದ ಅಧಿಕ ಜ್ಯೇಷ್ಠ ಬರುತ್ತದೆ. ಹಾಗಾಗಿ ಊರಿನ ಮದುವೆಗಳೆಲ್ಲ ಮೇ ತಿಂಗಳ ಮೊದಲ ಹದಿನೈದು ದಿನಕ್ಕೆ ಬಂದು ಬಿದ್ದಿವೆ, ಅದರ ಮೇಲೆ ಶಾಲೆಗಳಿಗೆ ರಜೆ. ಬಸ್ಸು, ರೈಲು, ಅಡುಗೆಯವರು ಯಾವುದೂ ಕೊನೆಯ ಗಳಿಗೆಯಲ್ಲಿ ಸಿಗುವುದಿಲ್ಲ.

ನಾವು ಒಟ್ಟು 46 ಜನ. ಜನವರಿಯ ನಿಶ್ಚಿತಾರ್ಥಕ್ಕೆ ಹೋಗಿ ಬಂದವರಿಗೆ ದಾರಿಯ ಅನುಭವವಿದೆ. ಉಳಿದವರಿಗಾಗಿ ಇರುವ ದಾರಿಗಳನ್ನೆಲ್ಲ ಇಲ್ಲಿ ಹೋಲಿಸಿ ಬರೆದಿದ್ದೇನೆ. ಓದಿ, ನೀವು ಬಸ್ಸಿನವರೋ ರೈಲಿನವರೋ ಎಂದು ಫೆಬ್ರವರಿ 28ರ ಒಳಗೆ ತಿಳಿಸಿ.

ಮೊದಲು ನೆನಪಿಡಬೇಕಾದ ಹೊತ್ತು ಮುಹೂರ್ತದ್ದಲ್ಲ. ಮುಹೂರ್ತ 11.50ಕ್ಕೆ ನಿಜ. ಆದರೆ ಬೀಗರು ದಿಬ್ಬಣವನ್ನು ಎದುರುಗೊಳ್ಳುವುದು 8.30ಕ್ಕೆ. ಅದಕ್ಕೆ ಮೊದಲು ಸ್ನಾನ, ಬಟ್ಟೆ ಬದಲಾಯಿಸುವುದು, ಹೆಂಗಸರ ಹೂವು ಮುಡಿಯುವುದು ಎಲ್ಲ ಆಗಬೇಕು. ಮದುವೆ ಮಂಟಪದಿಂದ ಎರಡು ಕಿಲೋಮೀಟರ್ ದೂರದಲ್ಲಿ ಬಿಡಾರ ಗೊತ್ತು ಮಾಡಿದ್ದಾರೆ. ಅಲ್ಲಿಗೆ 7.15ಕ್ಕೆ ಮುಟ್ಟಲೇಬೇಕು. ಯಾವ ದಾರಿಯನ್ನಾದರೂ ಈ 7.15ರಿಂದ ಹಿಂದಕ್ಕೆ ಲೆಕ್ಕ ಹಾಕಿ ನೋಡಬೇಕೇ ಹೊರತು ಹೊರಡುವ ಹೊತ್ತಿನಿಂದ ಮುಂದಕ್ಕಲ್ಲ. ಜನವರಿಯಲ್ಲಿ ನಾವು ಎಡವಿದ್ದು ಅಲ್ಲಿಯೇ.

ಹೀಗೆ ಹಿಂದಕ್ಕೆ ಲೆಕ್ಕ ಹಾಕಿದರೆ ಎರಡು ದಾರಿಗಳು ತಾವಾಗಿಯೇ ಬಿದ್ದುಹೋಗುತ್ತವೆ. ಭಾವ ಫೋನಿನಲ್ಲಿ ಹೇಳಿದ್ದು, ಮಂಗಳೂರು ಸೆಂಟ್ರಲ್‌ನಿಂದ ಬೆಳಗಿನ ಜಾವ ಐದೂವರೆಯ ಸುಮಾರಿಗೆ ಮಡಗಾಂವ್ ಕಡೆಗೆ ಹೊರಡುವ ಪ್ಯಾಸೆಂಜರ್ ಗಾಡಿ. ಅಗ್ಗವೂ ಹೌದು, ಎಲ್ಲ ಕಡೆ ನಿಲ್ಲುವುದೂ ಹೌದು. ಆದರೆ ಹೊನ್ನಾವರದಲ್ಲಿ ಇಳಿದು ಗೇರುಸೊಪ್ಪೆಯ ಘಟ್ಟ ಹತ್ತಿ ಸಾಗರ ಸೇರುವಾಗ ಧಾರೆಯ ಹೊತ್ತಾಗಿರುತ್ತದೆ. ಆಗ ಬಂದವರನ್ನು ಯಾರೂ ದಿಬ್ಬಣ ಎನ್ನುವುದಿಲ್ಲ, ಊಟಕ್ಕೆ ಬಂದವರು ಎನ್ನುತ್ತಾರೆ. ಸಾಗರಕ್ಕೇ ರೈಲಿದೆಯಲ್ಲ ಎಂದು ಸಣ್ಣತ್ತೆ ಕೇಳಿದ್ದರು. ಇದೆ. ಸಾಗರ ಜಂಬಗಾರು ಎಂಬ ಸ್ಟೇಷನ್. ಆದರೆ ಆ ಹಳಿ ಶಿವಮೊಗ್ಗದ ಕಡೆಯಿಂದ ಬರುತ್ತದೆ, ಕರಾವಳಿಯಿಂದಲ್ಲ. ಬೆಂಗಳೂರಿನ ಮಕ್ಕಳಿಗೆ ಅದು ಹೇಳಿ ಮಾಡಿಸಿದ್ದು, ಕಾಸರಗೋಡಿನವರಿಗೆ ಊರು ಸುತ್ತುವ ಕೆಲಸ. ಬೆಂಗಳೂರಿನವರ ವಿಷಯ ಕೊನೆಯಲ್ಲಿ ಬರೆಯುತ್ತೇನೆ.

ಇನ್ನು ಉಳಿಯುವುದು ಮೂರು ದಾರಿ. ಶನಿವಾರ ರಾತ್ರಿ ಬಾಡಿಗೆ ಬಸ್ಸಿನಲ್ಲಿ ನೇರವಾಗಿ ಹೋಗುವುದು, ಶನಿವಾರ ರಾತ್ರಿ ಕಾಸರಗೋಡಿನಲ್ಲೇ ನೇತ್ರಾವತಿ ರೈಲು ಹತ್ತುವುದು, ಅಥವಾ ಶನಿವಾರ ಮಧ್ಯಾಹ್ನ ಮಂಗಳೂರಿನಿಂದ ಮತ್ಸ್ಯಗಂಧದಲ್ಲಿ ಬೈಂದೂರಿಗೆ ಹೋಗಿ ಅಲ್ಲಿಂದ ವ್ಯಾನಿನಲ್ಲಿ ಘಟ್ಟ ಹತ್ತುವುದು.

ಬಸ್ಸಿನ ವಿಷಯ ಮೊದಲು. ಬದಿಯಡ್ಕದಿಂದ ಕುಂಬಳೆ, ಮಂಗಳೂರು, ಕುಂದಾಪುರ, ಕೊಲ್ಲೂರು ಆಗಿ ಸಾಗರಕ್ಕೆ ಸುಮಾರು 270 ಕಿಲೋಮೀಟರ್. ಕೊಲ್ಲೂರಿನ ತನಕ ಎಲ್ಲರಿಗೂ ಗೊತ್ತಿರುವ ದಾರಿ. ಅಲ್ಲಿಂದ ಮುಂದೆ ನಾಗೋಡಿ ಘಟ್ಟ. ಘಟ್ಟ ಹತ್ತಿದ ಮೇಲೆ ಹೊಸನಗರದ ಕಡೆಗೆ ಸುತ್ತಿ ಹೋಗುವುದು ಹಳೆಯ ರೂಢಿ. ಈಗ ತುಮರಿ, ಸಿಗಂದೂರು ದಾರಿಯಲ್ಲಿ ಶರಾವತಿ ಹಿನ್ನೀರಿಗೆ ಸೇತುವೆಯಾಗಿದೆ. 2025ರ ಜುಲೈ 14ರಂದು ಉದ್ಘಾಟನೆಯಾಯಿತು, ಎರಡೂವರೆ ಕಿಲೋಮೀಟರಿನಷ್ಟು ಉದ್ದ. ಮೊದಲು ಅಲ್ಲಿ ಲಾಂಚಿಗೆ ಕಾಯಬೇಕಿತ್ತು. ರಾತ್ರಿ ಲಾಂಚ್ ಇರಲಿಲ್ಲ, ಆದ್ದರಿಂದ ರಾತ್ರಿ ಹೊರಟ ದಿಬ್ಬಣಗಳಿಗೆ ಆ ದಾರಿ ಇಲ್ಲದ ಹಾಗೆಯೇ ಆಗಿತ್ತು. ಈಗ ಕೊಲ್ಲೂರಿನಿಂದ ಸಾಗರ ಎಂಬತ್ತು ಕಿಲೋಮೀಟರಿನ ಆಸುಪಾಸು. ಸೇತುವೆ ಅಗಲವಾಗಿದೆ, ಅದರ ಆಚೀಚೆಯ ರಸ್ತೆ ಅಷ್ಟಿಲ್ಲ. ತಿರುವುಗಳಲ್ಲಿ ದೊಡ್ಡ ಬಸ್ಸು ನಿಧಾನಿಸಲೇಬೇಕು. ಅದಕ್ಕೇ ಆ ಎಂಬತ್ತು ಕಿಲೋಮೀಟರಿಗೆ ಎರಡೂವರೆ ಗಂಟೆ ಹಿಡಿದಿದ್ದೇನೆ.

ಬಸ್ಸಿನ ದೊಡ್ಡ ಅನುಕೂಲ ಮನೆಯ ಹತ್ತಿರವೇ ಹತ್ತಿ ಬಿಡಾರದ ಎದುರೇ ಇಳಿಯುವುದು. ವರಪೂಜೆಯ ಸಾಮಾನು, ಸೀರೆಯ ಪೆಟ್ಟಿಗೆ, ಬಾಳೆಗೊನೆ ಎಲ್ಲವನ್ನೂ ಒಂದೇ ಸಲ ಏರಿಸಬಹುದು. ಕಷ್ಟ ಯಾವುದೆಂದರೆ, ರಾತ್ರಿ ಹನ್ನೊಂದಕ್ಕೆ ಹೊರಟರೆ ಬಸ್ಸು ಘಟ್ಟದ ಬುಡ ಮುಟ್ಟುವುದು ಬೆಳಗಿನ ಜಾವ ನಾಲ್ಕಕ್ಕೆ. ಡ್ರೈವರನ ಕಣ್ಣು ಎಳೆಯುವ ಹೊತ್ತೂ ಅದೇ. ಸಪಾಟು ಹೆದ್ದಾರಿಯಲ್ಲಿ ಎಚ್ಚರವಾಗಿದ್ದು, ತಿರುವು ಬಂದಲ್ಲಿ ನಿದ್ದೆ ಹತ್ತುವುದೆಂದರೆ ಏನೆಂದು ಜನವರಿಯಲ್ಲಿ ಕಣ್ಣಾರೆ ಕಂಡೆ. ನಾನು ಮುಂದಿನ ಸೀಟಿನಲ್ಲಿದ್ದೆ. ನಾಗೋಡಿಯ ಒಂದು ತಿರುವಿನಲ್ಲಿ ಆತ ಗೇರ್ ಬದಲಾಯಿಸುವುದನ್ನೇ ಮರೆತ. ಬಸ್ಸು ಏದುಸಿರು ಬಿಟ್ಟು ನಿಂತಿತು. ಹಿಂದೆ ಮಲಗಿದ್ದ ಯಾರಿಗೂ ಎಚ್ಚರವಾಗಲಿಲ್ಲ. ನನಗೆ ಆಮೇಲೆ ಸಾಗರದ ತನಕ ನಿದ್ದೆ ಬರಲಿಲ್ಲ.

ಹಾಗಾಗಿ ಈ ಸಲ ಎರಡು ಬದಲಾವಣೆ ಮಾಡಿದ್ದೇನೆ. ಒಂದು, ಇಬ್ಬರು ಡ್ರೈವರರು ಬೇಕೆಂದು ಹೇಳಿ ಅದಕ್ಕೆ ಒಪ್ಪಿದ ಬಸ್ಸನ್ನೇ ಗೊತ್ತು ಮಾಡಿದೆ. ಇನ್ನೊಂದು, ಬೇಗ ಹೊರಟು ಕೊಲ್ಲೂರಿನಲ್ಲಿ ತಂಗುವುದು. ಬಸ್ಸು ಬದಿಯಡ್ಕದಿಂದ ರಾತ್ರಿ 8.45ಕ್ಕೆ ಹೊರಡುತ್ತದೆ. ನೀರ್ಚಾಲು 9.00, ಸೀತಾಂಗೋಳಿ 9.15, ಕುಂಬಳೆ 9.30, ಉಪ್ಪಳ 9.50, ಹೊಸಂಗಡಿ 10.00. ಮಂಗಳೂರಿನ ಪಂಪ್‌ವೆಲ್ ದಾಟುವಾಗ 10.45, ಕುಂದಾಪುರ 1 ಗಂಟೆ, ಕೊಲ್ಲೂರು 2.15. ಅಲ್ಲಿ ಎರಡು ಕೋಣೆ ಹಿಡಿದಿದ್ದೇವೆ. ಘಟ್ಟ ಹತ್ತುವ ಡ್ರೈವರ್ ಮಲಗಲಿ, ಬೇಕಾದವರು ಕೈಕಾಲು ಚಾಚಲಿ. 4.45ಕ್ಕೆ ಅಲ್ಲಿಂದ ಹೊರಟರೆ ಘಟ್ಟದ ಅರ್ಧದಲ್ಲಿ ಬೆಳಕು ಹರಿಯುತ್ತದೆ, ಆರು ಗಂಟೆಯ ಸುಮಾರಿಗೆ ಸೇತುವೆ, 7.15ಕ್ಕೆ ಬಿಡಾರ. ಕೊಲ್ಲೂರಿನ ಎರಡೂವರೆ ಗಂಟೆ ನಿದ್ದೆಗೂ ಆಯಿತು, ದಾರಿಯಲ್ಲಿ ಟಯರ್ ಒಡೆದರೆ ತುಂಬಿಕೊಳ್ಳಲೂ ಆಯಿತು.

ಜನವರಿಯಲ್ಲಿ ತಡವಾಗಲು ಕಾರಣ ರಸ್ತೆಯಲ್ಲ. ಐವತ್ತು ನಿಮಿಷ ಹೋದದ್ದು ಮನೆಮನೆಯ ಗೇಟಿನಲ್ಲಿ. "ಇಗೋ ಬಂದೆ" ಎಂದವರು ಒಳಗೆ ಹೋಗಿ ಬಾಗಿಲ ಚಿಲಕ ನೋಡಿ, ಹಟ್ಟಿಯ ದೀಪ ಆರಿಸಿ ಬರುವಷ್ಟರಲ್ಲಿ ಹತ್ತು ನಿಮಿಷ. ಹತ್ತು ನಿಮಿಷದಂತೆ ಐದು ಮನೆ. ಈ ಸಲ ಮೇಲೆ ಹೇಳಿದ ಆರು ಕಡೆ ಬಿಟ್ಟು ಬಸ್ಸು ಎಲ್ಲಿಯೂ ನಿಲ್ಲುವುದಿಲ್ಲ. ಕುಂಬಳೆಯಿಂದ ಉತ್ತರಕ್ಕೆ ಇರುವವರಿಗೆ ಒಂದು ಮಾತು: ಆರು ಪಥದ ಹೊಸ ಹೆದ್ದಾರಿಯಲ್ಲಿ ನಿಂತರೆ ಬಸ್ಸು ನಿಮ್ಮನ್ನು ಕಂಡರೂ ನಿಲ್ಲಿಸಲಾರದು. ಮಂಗಳೂರಿಗೆ ಹೋಗುವ ಬದಿಯ ಸರ್ವಿಸ್ ರಸ್ತೆಯಲ್ಲಿ, ಬಸ್ ತಂಗುದಾಣದ ಎದುರು ನಿಲ್ಲಿ. ರಾತ್ರಿ ಹೊತ್ತು ಆಚೆ ಬದಿಯಿಂದ ಈಚೆ ಬದಿಗೆ ಬರುವುದು ಈಗ ಮೊದಲಿನಷ್ಟು ಸುಲಭವಲ್ಲ.

ಇನ್ನೊಂದು ಮೂವತ್ತೈದು ನಿಮಿಷ ತಲಪಾಡಿಯಲ್ಲಿ ಹೋಗಿತ್ತು. ನಮ್ಮದು ಕೇರಳ ನೋಂದಣಿಯ ಬಸ್ಸು. ಗಡಿ ದಾಟಲು ಬೇಕಾದ ಪರ್ಮಿಟ್ ಕಾಗದ "ಮೊಬೈಲಿನಲ್ಲಿದೆ" ಎಂದು ಬಸ್ಸಿನ ಮಾಲೀಕರು ಹೇಳಿದ್ದರು. ಮೊಬೈಲು ಇದ್ದದ್ದು ಮಾಲೀಕರ ಕೈಯಲ್ಲಿ, ಮಾಲೀಕರು ಇದ್ದದ್ದು ಮನೆಯಲ್ಲಿ. ಈ ಸಲ ಬೇರೆ ಬಸ್ಸು. ಪರ್ಮಿಟ್ಟಿನ ಅಚ್ಚು ಪ್ರತಿಯನ್ನು ಶನಿವಾರ ಮಧ್ಯಾಹ್ನವೇ ನನ್ನ ಕೈಗೆ ಕೊಡಬೇಕು, ಅದರ ಮೇಲಿನ ಬಸ್ಸಿನ ನಂಬರನ್ನೂ ದಿನಾಂಕವನ್ನೂ ನಾನೇ ಓದಿ ನೋಡಿದ ಮೇಲೆಯೇ ಉಳಿದ ಹಣ ಎಂದು ಮಾತಾಗಿದೆ.

ಇಷ್ಟು ಮಾಡಿದರೂ ಬಸ್ಸು ಎಲ್ಲರಿಗೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಸಂಕೋಚ ಬಿಟ್ಟು ಬರೆಯುತ್ತೇನೆ. ದೊಡ್ಡಪ್ಪನವರಿಗೆ ಗಂಟೆಗೊಮ್ಮೆ ಏಳಬೇಕು. ಸಕ್ಕರೆ ಕಾಯಿಲೆಯವರು ನಮ್ಮಲ್ಲಿ ಐದು ಜನ ಇದ್ದಾರೆ. ರಾತ್ರಿ ಬಸ್ಸಿನಲ್ಲಿ ಶೌಚಾಲಯವಿಲ್ಲ, ದಾರಿಯಲ್ಲಿ ಹೆಂಗಸರಿಗೆ ತಕ್ಕ ಜಾಗ ಹುಡುಕುವುದು ಕಷ್ಟ. ಜನವರಿಯಲ್ಲಿ ಇಬ್ಬರು ಅತ್ತೆಯಂದಿರು ಮಧ್ಯಾಹ್ನದಿಂದಲೇ ನೀರು ಕುಡಿಯದೆ ಬಂದಿದ್ದರಂತೆ. ಆಮೇಲೆ ತಿಳಿಯಿತು. ಅದರ ಮೇಲೆ ಕಾಲು ಮಡಚಿ ಏಳೆಂಟು ಗಂಟೆ ಕುಳಿತರೆ ಮೊಣಕಾಲು, ಪಾದ ಎರಡೂ ಊದಿ ಮರುದಿನ ಮಂಟಪದಲ್ಲಿ ಕುರ್ಚಿಯಿಂದ ಏಳಲಾಗುವುದಿಲ್ಲ. ಇವರಿಗೆ ರೈಲೇ ಸರಿ. ಪ್ರಶ್ನೆ ಯಾವ ರೈಲು ಎಂಬುದು ಮಾತ್ರ.

ಕಾಸರಗೋಡಿನಲ್ಲೇ ಹತ್ತಬಹುದು, ಗಾಡಿ ಬದಲಾಯಿಸಬೇಕಾಗಿಲ್ಲ ಎಂಬ ಕಾರಣಕ್ಕೆ ಹಲವರು ನೇತ್ರಾವತಿ ಹೇಳುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಅದು ತಿರುವನಂತಪುರದಿಂದ ಇಡೀ ಕೇರಳ ದಾಟಿ ಬರುವ ಗಾಡಿ. ಕೆಳಗೆ ಎಲ್ಲಿಯೋ ಆದ ತಡವೆಲ್ಲ ನಮ್ಮ ಸ್ಟೇಷನ್ ಮುಟ್ಟುವಾಗ ಕೂಡಿಕೊಂಡಿರುತ್ತದೆ. ಸರಿಯಾದ ಹೊತ್ತಿಗೆ ಬಂದರೂ ಕಾಸರಗೋಡು ಬಿಡುವಾಗ ರಾತ್ರಿಯಾಗಿರುತ್ತದೆ, ಕುಂದಾಪುರದ ಕಡೆ ಇಳಿಯುವಾಗ ಮಲಗುವ ಹೊತ್ತು ಮೀರಿರುತ್ತದೆ. ಆಮೇಲೆ ನಡುರಾತ್ರಿ ಘಟ್ಟ. ಬಸ್ಸಿನ ಕಷ್ಟವೂ ತಪ್ಪಲಿಲ್ಲ, ರೈಲಿನ ಸುಖವೂ ಸಿಗಲಿಲ್ಲ ಎಂದಾಗುತ್ತದೆ.

ಮತ್ಸ್ಯಗಂಧ ಹಾಗಲ್ಲ. ಅದು ಹೊರಡುವುದೇ ಮಂಗಳೂರು ಸೆಂಟ್ರಲ್‌ನಿಂದ. ಹಿಂದಿನ ಊರಿನ ತಡ ಎಂಬುದು ಅದಕ್ಕಿಲ್ಲ, ಗಾಡಿ ಬಂದು ನಿಂತಿರುತ್ತದೆ, ಹಿರಿಯರು ನಿಧಾನವಾಗಿ ಹತ್ತಿ ಕುಳಿತುಕೊಳ್ಳಬಹುದು. ಹೊರಡುವುದು ಮಧ್ಯಾಹ್ನ ಎರಡೂಕಾಲು ಎರಡೂವರೆಯ ನಡುವೆ, ಬೈಂದೂರು ಮುಟ್ಟುವುದು ನಾಲ್ಕೂವರೆಯ ಸುಮಾರಿಗೆ. ಮಾವ ಕಳೆದ ಜುಲೈಯಲ್ಲಿ ಇದೇ ಗಾಡಿಯಲ್ಲಿ ಹೋದವರು, "ಅದು ಒಂದು ಗಂಟೆಗೇ ಹೋಗಿರುತ್ತದೆ" ಎಂದು ವಾದಿಸಿದರು. ಅವರ ನೆನಪೂ ತಪ್ಪಲ್ಲ. ಕೊಂಕಣ ರೈಲ್ವೆಗೆ ಮಳೆಗಾಲದ ವೇಳಾಪಟ್ಟಿಯೇ ಬೇರೆ. ಮಳೆಗೆ ಗುಡ್ಡ ಜರಿಯುವ ಭಯದಿಂದ ಗಾಡಿಗಳನ್ನು ನಿಧಾನ ಓಡಿಸುತ್ತಾರೆ, ಆದ್ದರಿಂದ ಮಂಗಳೂರಿನಿಂದ ಬೇಗ ಹೊರಡಿಸುತ್ತಾರೆ. ಅದು ಜಾರಿಗೆ ಬರುವುದು ಜೂನ್‌ನಲ್ಲಿ. ನಮ್ಮದು ಮೇ ಮೊದಲ ವಾರ. ಟಿಕೆಟ್ಟಿನಲ್ಲಿ ಬರುವ ಹೊತ್ತೇ ನಮ್ಮ ಹೊತ್ತು. ಹಿಂದಿನ ದಿನ 139ಕ್ಕೆ ಫೋನ್ ಮಾಡಿ ಇನ್ನೊಮ್ಮೆ ಕೇಳುತ್ತೇನೆ.

ಕೊಂಕಣದ ಹಳಿ ಒಂಟಿ ಹಳಿ. ಎದುರಿನಿಂದ ಗಾಡಿ ಬಂದರೆ ಯಾವುದಾದರೂ ಸ್ಟೇಷನ್ನಿನಲ್ಲಿ ಕಾದು ದಾರಿ ಬಿಡಬೇಕು. ಅರ್ಧ ಗಂಟೆ ಆಚೀಚೆ ಆದರೆ ಗಾಬರಿ ಬೇಡ. ಹಿಂದಿನ ದಿನವೇ ಹೊರಡುವುದರ ಲಾಭ ಇದೇ: ಎರಡು ಗಂಟೆ ತಡವಾದರೂ ರಾತ್ರಿ ಊಟಕ್ಕೆ ಸಾಗರದಲ್ಲಿರುತ್ತೀರಿ.

ಈಗ ರೈಲಿನವರಿಗೆ ವಿವರ. ನನ್ನ ಪಟ್ಟಿಯಲ್ಲಿ ಸದ್ಯ 14 ಜನ ಇದ್ದಾರೆ. ಜೊತೆಗೆ ನಿಲ್ಲಲು ಗಟ್ಟಿಮುಟ್ಟಾದ ಇಬ್ಬರು ಹುಡುಗರು ಈ ಹದಿನಾಲ್ಕರಲ್ಲೇ ಸೇರಿದ್ದಾರೆ. ಒಂದು ಟಿಕೆಟ್ಟಿನಲ್ಲಿ ಆರು ಜನಕ್ಕಿಂತ ಹೆಚ್ಚು ಹಾಕುವಂತಿಲ್ಲ, ಆದ್ದರಿಂದ ಆರು, ಆರು, ಎರಡು ಎಂದು ಮೂರು ಟಿಕೆಟ್ ಆಗುತ್ತದೆ. ಪ್ರತಿಯೊಬ್ಬರ ಹೆಸರು ಆಧಾರಿನಲ್ಲಿ ಇರುವಂತೆಯೇ ಬರೆದು ಕಳುಹಿಸಿ, ಮನೆಯಲ್ಲಿ ಕರೆಯುವ ಹೆಸರಲ್ಲ. ಬುಕಿಂಗಿನ ಪರದೆಯಲ್ಲಿ ಹೊರಡುವ ಸ್ಟೇಷನ್ `MAQ`, ಇಳಿಯುವ ಸ್ಟೇಷನ್ `BYNR`, ಗಾಡಿ `12620`. ಅಳಿಯ ತಾನೇ ಪ್ರತ್ಯೇಕ ಟಿಕೆಟ್ ಮಾಡುತ್ತೇನೆ ಎಂದಿದ್ದಾನೆ. ಅವನು `MAJN` ಒತ್ತದಿರಲಿ. ಅದು ಪಡೀಲಿನ ಮಂಗಳೂರು ಜಂಕ್ಷನ್, ಬೇರೆಯೇ ಸ್ಟೇಷನ್. ಆಟೋದವರಿಗೂ ಬರೇ "ರೈಲ್ವೆ ಸ್ಟೇಷನ್" ಎನ್ನದೆ "ಸೆಂಟ್ರಲ್" ಎಂದೇ ಹೇಳಿ.

ಸ್ಲೀಪರ್ ಸಾಕು. ಹಗಲಿನ ಎರಡು ಗಂಟೆಯ ಪ್ರಯಾಣ, ಕೆಳಗಿನ ಬರ್ತ್‌ನಲ್ಲಿ ಮೂವರು ಕುಳಿತೇ ಹೋಗುವುದು. ಆದ್ದರಿಂದ ನನಗೆ ಕೆಳಗಿನದೇ ಬೇಕು ಎಂಬ ಹಟ ಯಾರಿಗೂ ಬೇಡ. ದರದ ವಿಷಯ ಕೇಳಿದ್ದೀರಿ. ಸ್ಲೀಪರಿಗೆ ಕನಿಷ್ಠ 200 ಕಿಲೋಮೀಟರಿನ ದರ ತೆಗೆದುಕೊಳ್ಳುತ್ತಾರೆ, ಬೈಂದೂರು ಅದಕ್ಕಿಂತ ಹತ್ತಿರವಾದರೂ ಅಷ್ಟೇ. ತಲೆಗೆ ಇನ್ನೂರು ರೂಪಾಯಿಯ ಆಸುಪಾಸು ಆಗಬಹುದು. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತದ್ದು ಮತ್ತೆ ಬಂದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮಾರ್ಚ್ 3ರಂದೇ ಟಿಕೆಟ್ ಮಾಡುವುದರಿಂದ ವೈಟಿಂಗ್ ಲಿಸ್ಟಿಗೆ ಹೋಗಲಾರದು ಎಂದುಕೊಂಡಿದ್ದೇನೆ. ಒಂದು ವೇಳೆ ಹೋದರೆ, ಆನ್‌ಲೈನ್ ಟಿಕೆಟ್ಟಿನಲ್ಲಿ ಇರುವ ಎಲ್ಲರೂ ಚಾರ್ಟ್ ಆಗುವ ತನಕ ವೈಟಿಂಗ್‌ನಲ್ಲೇ ಉಳಿದರೆ ಟಿಕೆಟ್ ತಾನಾಗಿಯೇ ರದ್ದಾಗುತ್ತದೆ, ಹಣ ಖಾತೆಗೆ ಬರುತ್ತದೆ. ಆ ಟಿಕೆಟ್ಟಿನ ಪ್ರತಿ ಹಿಡಿದುಕೊಂಡು ಗಾಡಿ ಹತ್ತುವಂತಿಲ್ಲ. ಹಾಗಾದರೂ ದಾರಿ ಇದೆ. ಗಾಡಿ ಮಂಗಳೂರಿನಿಂದಲೇ ಹೊರಡುವುದರಿಂದ ಮುಕ್ಕಾಲು ಗಂಟೆ ಮೊದಲು ಹೋದರೆ ಜನರಲ್ ಬೋಗಿಯಲ್ಲಿ ಕೂರಲು ಜಾಗ ಸಿಗುತ್ತದೆ. ಆ ಟಿಕೆಟನ್ನು ಬೆಳಿಗ್ಗೆಯೇ ತೆಗೆದಿಡಬಾರದು. 200 ಕಿಲೋಮೀಟರಿನ ಒಳಗಿನ ಜನರಲ್ ಟಿಕೆಟ್ಟಿಗೆ ಮೂರು ಗಂಟೆಯಷ್ಟೇ ಬೆಲೆ. ಮಧ್ಯಾಹ್ನ ಸ್ಟೇಷನ್ನಿನಲ್ಲೇ ತೆಗೆಯಬೇಕು.

ಮಂಗಳೂರಿನ ತನಕ ಬಸ್ಸಿನಲ್ಲಿ ಬನ್ನಿ. ಕಾಸರಗೋಡಿನಿಂದ ಬೆಳಗಿನ ರೈಲುಗಳೂ ಇವೆ, ಆದರೆ ಅವುಗಳಲ್ಲಿ ಕೆಲವು ಸೆಂಟ್ರಲ್‌ಗೆ ಹೋಗದೆ ಜಂಕ್ಷನ್ ಮೂಲಕ ಮುಂದೆ ಹೋಗುತ್ತವೆ. ತಪ್ಪಿ ಹತ್ತಿದರೆ ಪಡೀಲಿನಿಂದ ಸಾಮಾನಿನ ಸಮೇತ ಆಟೋ ಹಿಡಿಯಬೇಕು. ಬಸ್ಸು ಒಂದು ತಪ್ಪಿದರೆ ಇನ್ನೊಂದು ಹಿಂದೆಯೇ ಬರುತ್ತದೆ. ಬದಿಯಡ್ಕ, ನೀರ್ಚಾಲಿನವರು ಹತ್ತು ಗಂಟೆಗೆ ಕುಂಬಳೆಯಲ್ಲಿ ಸೇರಿದರೆ ಹನ್ನೆರಡರ ಒಳಗೆ ಮಂಗಳೂರು. ಸ್ಟೇಷನ್ನಿನ ಹತ್ತಿರ ಊಟ ಮುಗಿಸಿ 1.30ಕ್ಕೆ ಪ್ಲಾಟ್‌ಫಾರ್ಮ್‌ನಲ್ಲಿರಿ. ಅಂದ ಹಾಗೆ, ಕರ್ನಾಟಕದ ಬಸ್ಸು ಸಿಕ್ಕಿತೆಂದು ಅತ್ತೆಯಂದಿರು ಉಚಿತ ಟಿಕೆಟ್ ಕೇಳಬೇಡಿ. ವಿಟ್ಲದ ನಾದಿನಿ ಆಧಾರ್ ತೋರಿಸಿ ಪುತ್ತೂರಿಗೆ ಬಿಟ್ಟಿಯಾಗಿ ಹೋಗುತ್ತಾಳೆ ನಿಜ. ನಾವು ಮಾತಾಡುವುದು ಕನ್ನಡವಾದರೂ ನಮ್ಮ ಆಧಾರಿನಲ್ಲಿ ಇರುವುದು ಕೇರಳ. ಕಂಡಕ್ಟರ್ ಓದುವುದು ಅದನ್ನೇ.

ಇಡೀ ಪ್ರಯಾಣದಲ್ಲಿ ನನಗೆ ಚಿಂತೆ ಇರುವುದು ಬೈಂದೂರಿನಲ್ಲಿ ಇಳಿಯುವ ಎರಡು ನಿಮಿಷದ್ದು. ಗಾಡಿ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಹದಿನಾಲ್ಕು ಜನ, ಅವರಲ್ಲಿ ನಾಲ್ವರು ಕೋಲು ಹಿಡಿದವರು, ಎಲ್ಲರೂ ಒಂದೇ ಬಾಗಿಲಿಗೆ ಬಂದರೆ ಆಗದ ಕೆಲಸ. ಕುಂದಾಪುರ ಬಂದ ಕೂಡಲೇ ಕಾಫಿಯ ಫ್ಲಾಸ್ಕು, ಚೀಲ, ಚಪ್ಪಲಿ ಎಲ್ಲ ಸರಿಪಡಿಸಿಕೊಳ್ಳಿ. ಕುಂದಾಪುರ ಬಿಟ್ಟ ಹತ್ತು ನಿಮಿಷಕ್ಕೆ ಎದ್ದು ಏಳೇಳು ಜನ ಎರಡು ಬಾಗಿಲ ಕಡೆ ಹಂಚಿಕೊಳ್ಳಿ. ಪ್ರತಿ ಬಾಗಿಲಿಗೆ ಒಬ್ಬ ಹುಡುಗ. ಹುಡುಗ ಮೊದಲು ಇಳಿದು ಕೆಳಗಿನಿಂದ ಕೈ ಕೊಡಬೇಕು, ಸಾಮಾನು ಕೊನೆಗೆ. ಸಾಮಾನು ಮೊದಲು ಇಳಿಸಿದರೆ ಅದೇ ಬಾಗಿಲಿಗೆ ಅಡ್ಡವಾಗುತ್ತದೆ. ಬೋರ್ಡಿನಲ್ಲಿ "ಮೂಕಾಂಬಿಕಾ ರೋಡ್ ಬೈಂದೂರು" ಎಂದಿರುತ್ತದೆ. ಮೂಕಾಂಬಿಕೆಯ ಹೆಸರು ನೋಡಿ ಕೊಲ್ಲೂರೇ ಬಂತು ಎಂದುಕೊಳ್ಳಬೇಡಿ, ದೇವಸ್ಥಾನ ಅಲ್ಲಿಂದ ಇನ್ನೂ ಇಪ್ಪತ್ತೆಂಟು ಕಿಲೋಮೀಟರ್.

ಯಾರಾದರೂ ಇಳಿಯದೆ ಉಳಿದರೆ ಸರಪಳಿ ಎಳೆಯಲು ಹೋಗಬೇಡಿ, ಚಲಿಸುವ ಗಾಡಿಯಿಂದ ಹಾರಲು ಮೊದಲೇ ಹೋಗಬೇಡಿ. ಮುಂದಿನ ನಿಲುಗಡೆ ಭಟ್ಕಳ, ಇಪ್ಪತ್ತು ನಿಮಿಷದ ದಾರಿ. ಅಲ್ಲಿ ಇಳಿದು ಕುಳಿತಿರಿ, ವ್ಯಾನು ಹೆದ್ದಾರಿಯಲ್ಲಿ ಬಂದು ಕರೆದುಕೊಳ್ಳುತ್ತದೆ. ಬೀಗರ ಕಡೆಯ ಹುಡುಗನಿಗೆ ಇದನ್ನೂ ಹೇಳಿಟ್ಟಿದ್ದೇನೆ.

ವ್ಯಾನು ಎಂದರೆ ಹದಿನೇಳು ಸೀಟಿನ ಟೆಂಪೊ ಟ್ರಾವೆಲರ್. ಬೀಗರೇ ಸಾಗರದಿಂದ ಕಳುಹಿಸುತ್ತಾರೆ, ಬಾಡಿಗೆ ನಮ್ಮದು, ಏಳು ಸಾವಿರ. ಐದು ಗಂಟೆಗೆ ಬೈಂದೂರು ಬಿಟ್ಟರೆ ಹಗಲಿನಲ್ಲೇ ಘಟ್ಟ ಹತ್ತಿ, ಸೇತುವೆ ದಾಟಿ, ಎಂಟರ ಸುಮಾರಿಗೆ ಸಾಗರ. ತಲೆತಿರುಗುವವರು ಮುಂದಿನ ಎರಡು ಸಾಲಿನಲ್ಲಿ ಕುಳಿತು ಎದುರಿನ ರಸ್ತೆ ನೋಡುತ್ತಿರಿ. ಹಿಂದಿನ ಚಕ್ರದ ಹಿಂದಿನ ಸೀಟು ತಿರುವಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬೀಸುತ್ತದೆ, ಅದನ್ನು ಹುಡುಗರಿಗೆ ಬಿಡಿ. ವಾಂತಿಯ ಮಾತ್ರೆ ತೆಗೆದುಕೊಳ್ಳುವವರು ವ್ಯಾನ್ ಹತ್ತುವ ಅರ್ಧ ಗಂಟೆ ಮೊದಲು, ಎಂದರೆ ರೈಲಿನಲ್ಲೇ ನುಂಗಿರಬೇಕು. ಜನವರಿಯಲ್ಲಿ ಸಣ್ಣತ್ತೆ ಘಟ್ಟದ ಮೂರನೆಯ ತಿರುವಿನಲ್ಲಿ ಮಾತ್ರೆ ಹುಡುಕಲು ತೊಡಗಿದರು. ಒಂದು ಕೈಯಲ್ಲಿ ನಿಂಬೆಹಣ್ಣು, ಇನ್ನೊಂದು ಕೈ ಚೀಲದೊಳಗೆ. ಮಾತ್ರೆ ಸಿಕ್ಕಿದಾಗ ಅದರ ಅಗತ್ಯ ಮುಗಿದಿತ್ತು, ನನ್ನ ಪಂಚೆ ಒಗೆಯಬೇಕಾಗಿತ್ತು.

ಘಟ್ಟ ಹತ್ತಿದ ಮೇಲೆ ತುಮರಿಯ ಕಡೆ ಮೊಬೈಲಿಗೆ ಸಿಗ್ನಲ್ ಸಿಗುವುದೇ ಅಪರೂಪ. ಫೋನ್ ಹೋಗದಿದ್ದರೆ ಮನೆಯಲ್ಲಿ ಉಳಿದವರು ಗಾಬರಿಯಾಗಬೇಡಿ. ಕೊಲ್ಲೂರಿನಲ್ಲಿ ಒಮ್ಮೆ, ಸಾಗರ ಮುಟ್ಟಿದ ಮೇಲೆ ಒಮ್ಮೆ ಸುದ್ದಿ ತಿಳಿಸುವುದೆಂದು ಮಾತಾಗಿದೆ. ಬಸ್ಸಿನವರಿಗೂ ಇದೇ ಕ್ರಮ.

ಖರ್ಚನ್ನು ಹೋಲಿಸಿ ನೋಡೋಣ ಎಂದು ಭಾವ ಕೇಳಿದ್ದರು. ಬಸ್ಸು ಹೋಗಿ ಬರಲು 42,000, ಇಬ್ಬರು ಡ್ರೈವರರ ಭತ್ಯೆ ಸೇರಿ. ಹಿಂದೆ ಬರುವಾಗ ಎಲ್ಲರೂ ಅದರಲ್ಲೇ ಬರುವುದರಿಂದ 48 ಸೀಟಿನ ಬಸ್ಸನ್ನೇ ಹಿಡಿಯಬೇಕು. ಹಾಗಾಗಿ ಹಿರಿಯರು ರೈಲಿನಲ್ಲಿ ಹೋದರೆ ಬಸ್ಸಿನ ಬಾಡಿಗೆಯಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. ರೈಲು, ವ್ಯಾನು ಎರಡೂ ಮೇಲಿನ ಖರ್ಚು, ತಲೆಗೆ ಏಳುನೂರರಷ್ಟು. ಶನಿವಾರ ರಾತ್ರಿಯ ವಸತಿ ಬೀಗರದ್ದು. ಈ ಏಳುನೂರು ರೂಪಾಯಿಗೆ ಹಿರಿಯರಿಗೆ ಒಂದು ರಾತ್ರಿಯ ನಿದ್ದೆ ಸಿಗುತ್ತದೆ, ಬಸ್ಸಿನಲ್ಲಿ ಹೋಗುವ 32 ಜನರಿಗೆ ಹದಿನಾರು ಸೀಟು ಖಾಲಿ ಸಿಗುತ್ತದೆ, ಮಕ್ಕಳನ್ನು ಮಲಗಿಸಬಹುದು. ನಮ್ಮೊಳಗೆ ಚರ್ಚೆಯಾಗದಿರಲಿ ಎಂದು ಈಗಲೇ ಬರೆಯುತ್ತಿದ್ದೇನೆ: ರೈಲಿನ ಖರ್ಚು ನಾನೂ ಅಣ್ಣನೂ ಸಮಸಮ ಹಾಕಿಕೊಳ್ಳುತ್ತೇವೆ.

ಬೆಂಗಳೂರಿನ ಮಕ್ಕಳು ಮಂಗಳೂರಿಗೆ ಬಂದು ಬಸ್ಸು ಹತ್ತುವ ಆಲೋಚನೆ ಬಿಡಿ. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ತಾಳಗುಪ್ಪಕ್ಕೆ ರಾತ್ರಿ ಗಾಡಿಯಿದೆ, `16227`. ಶನಿವಾರ ರಾತ್ರಿ ಹನ್ನೊಂದರ ಸುಮಾರಿಗೆ ಬೆಂಗಳೂರು ಬಿಟ್ಟು ಭಾನುವಾರ ಬೆಳಿಗ್ಗೆ ಆರೂವರೆಯ ಆಸುಪಾಸಿಗೆ ಸಾಗರ ಜಂಬಗಾರಿನಲ್ಲಿ ಇಳಿಸುತ್ತದೆ, ಪರದೆಯಲ್ಲಿ `SRF`. ನಮ್ಮ ಬಸ್ಸಿಗಿಂತ ನೀವೇ ಮೊದಲು ಬಿಡಾರ ಸೇರುತ್ತೀರಿ, ಬಿಸಿನೀರು ಮುಗಿಸಬೇಡಿ. ತುಮಕೂರಿನಲ್ಲಿ ಹತ್ತುವ ಸೋದರಳಿಯ ಒಂದನ್ನು ಗಮನಿಸಬೇಕು: ಗಾಡಿ ಅಲ್ಲಿಗೆ ಬರುವಾಗ ರಾತ್ರಿ ಹನ್ನೆರಡು ದಾಟಿರುತ್ತದೆ. ಅವನ ಟಿಕೆಟ್ಟಿನಲ್ಲಿ ದಿನಾಂಕ ಮೇ 3 ಎಂದಿರಬೇಕು. ಮೇ 2 ಎಂದು ಮಾಡಿದರೆ ಅದು ಹಿಂದಿನ ರಾತ್ರಿಯ ಗಾಡಿ.

ಮರಳುವ ವಿಷಯ ಚಿಕ್ಕದು. ಊಟ ಮುಗಿಸಿ 3 ಗಂಟೆಗೆ ಬಸ್ಸು ಹೊರಡಬೇಕು, ಕತ್ತಲಾಗುವ ಮೊದಲು ನಾಗೋಡಿ ಇಳಿದಿರಬೇಕು. ಮದುಮಕ್ಕಳು ಕಾರಿನಲ್ಲಿ. ಕೊಲ್ಲೂರಿನಲ್ಲಿ ದರ್ಶನಕ್ಕೆ ಒಂದು ಗಂಟೆ, ಊರು ಮುಟ್ಟುವಾಗ ರಾತ್ರಿ ಹನ್ನೊಂದು ದಾಟುತ್ತದೆ. ಹಿರಿಯರಿಗೆ ಈ ಒಂದು ಸಲ ಬಸ್ಸು ತಪ್ಪಿದ್ದಲ್ಲ, ಆದರೆ ಬಹುಪಾಲು ದಾರಿ ಹೆದ್ದಾರಿ. ಕೊಲ್ಲೂರಿನಲ್ಲೂ ಉಡುಪಿಯ ಹತ್ತಿರವೂ ಶೌಚಾಲಯಕ್ಕೆಂದೇ ನಿಲ್ಲಿಸುತ್ತೇವೆ. ಸಟ್ಟುಮುಡಿಯನ್ನು ಸೋಮವಾರ ಇಡದೆ ಮಂಗಳವಾರ ಇಟ್ಟಿರುವುದು ಎಲ್ಲರೂ ಒಂದು ದಿನ ಮಲಗಿ ಏಳಲಿ ಎಂದೇ.

28ರ ಒಳಗೆ ನನಗೆ ಬೇಕಾದದ್ದು ಇಷ್ಟು: ಬಸ್ಸೋ ರೈಲೋ, ಬಸ್ಸಾದರೆ ಆರರಲ್ಲಿ ಯಾವ ಕಡೆ ಹತ್ತುತ್ತೀರಿ, ರೈಲಾದರೆ ಆಧಾರಿನಲ್ಲಿರುವ ಹೆಸರು ಮತ್ತು ವಯಸ್ಸು. ಉತ್ತರ ಬಾರದವರನ್ನು ಬಸ್ಸಿನ ಪಟ್ಟಿಗೆ ಹಾಕುತ್ತೇನೆ.

ಇತಿ ನಿಮ್ಮ,
ಮದುಮಗನ ಚಿಕ್ಕಪ್ಪ

ತಾ.ಕ.: ದೊಡ್ಡಪ್ಪನವರು ಬಸ್ಸಿನಲ್ಲೇ ಬರುತ್ತೇನೆ ಎಂದು ಹೇಳಿ ಕಳುಹಿಸಿದ್ದಾರೆಂದು ಈಗ ತಾನೇ ತಿಳಿಯಿತು. ಅವರ ಹೆಸರನ್ನು ರೈಲಿನ ಪಟ್ಟಿಯಿಂದ ನಾನು ತೆಗೆದಿಲ್ಲ. ದೊಡ್ಡಮ್ಮ, ದಯವಿಟ್ಟು ಮಾರ್ಚ್ 3ರ ಒಳಗೆ ಅವರನ್ನು ಒಪ್ಪಿಸಿ.